ರಾತ್ರಿಯೆಲ್ಲ ಎಚ್ಚರವಿದ್ದ ಕಾರು

ನಮ್ಮ ಬನಶಂಕರಿಯಲ್ಲಿ ಕಾರುಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. 2017ರಲ್ಲಿ ಹಸಿರು ಮಾರ್ಗದ ಮೆಟ್ರೋ ಬಂದ ಮೇಲಂತೂ ಆಫೀಸಿಗೆ ಹೋಗುವವರು ಬ್ಯಾಗು ಹೆಗಲಿಗೇರಿಸಿ ಸ್ಟೇಷನ್ನಿನ ಕಡೆ ನಡೆದುಬಿಡುತ್ತಾರೆ. ಕಾರು ಮನೆ ಮುಂದಿನ ಹೊಂಗೆ ಮರದ ಕೆಳಗೆ ಹೂವು, ಹಕ್ಕಿ ಹಿಕ್ಕೆ ಎರಡನ್ನೂ ಸಮಭಾವದಿಂದ ಸ್ವೀಕರಿಸುತ್ತ ನಿಂತಿರುತ್ತದೆ. ನಮ್ಮದೂ ಅಂಥದೇ ಒಂದು ಸಣ್ಣ ಕಾರು. ಸಂಜೆ ಬಿಡಿಎ ಕಾಂಪ್ಲೆಕ್ಸಿಗೆ, ಹೆಚ್ಚೆಂದರೆ ಕತ್ರಿಗುಪ್ಪೆಯ ನಾದಿನಿ ಮನೆಗೆ ಹೋಗಿಬಂದರೆ ಅದರ ಕರ್ತವ್ಯ ಮುಗಿಯಿತು.

ಈ ಅಲ್ಪ ಕರ್ತವ್ಯಕ್ಕೂ ಅದು ಅಸಹಕಾರ ಹೂಡಿತು. ಸಂಜೆ ಚೆನ್ನಾಗಿಯೇ ಬಂದು ನಿಂತದ್ದು ಬೆಳಿಗ್ಗೆ ಕೀಲಿ ತಿರುಗಿಸಿದರೆ 'ಕಟ ಕಟ ಕಟ' ಎನ್ನುತ್ತಿತ್ತು. ಬೀದಿಯಲ್ಲಿ ಕಾರು ತಳ್ಳುವವನನ್ನು ಕಂಡರೆ ಬೆಂಗಳೂರಿನ ಜನಕ್ಕೆ ಎಲ್ಲಿಲ್ಲದ ಬಂಧುತ್ವ ಬರುತ್ತದೆ. ಹಾಲಿನ ಹುಡುಗ, ವಾಕಿಂಗ್ ಹೊರಟ ಹಿರಿಯರು, ಎಲ್ಲರೂ ಒಂದು ಕೈ, ಒಂದು ಸಲಹೆ ಕೊಟ್ಟರು. ಕೈಗಿಂತ ಸಲಹೆಗೆ ಬಲ ಹೆಚ್ಚಿತ್ತು. "ಬ್ಯಾಟ್ರಿ ಹೋಯ್ತು ಸಾರ್, ಹೊಸದು ಹಾಕ್ಬಿಡಿ" ಎಂಬುದು ಬಹುಮತ. ಆದರೆ ಆ ಬ್ಯಾಟರಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಅಂಗಡಿಯವನು ಅದನ್ನು ಒಯ್ದು ರಾತ್ರಿಯೆಲ್ಲ ಚಾರ್ಜಿಗಿಟ್ಟು, ಲೋಡ್ ಟೆಸ್ಟ್ ಮಾಡಿ, "ಗುಂಡುಕಲ್ಲಿನ ಥರ ಇದೆ" ಎಂದು ವಾಪಸ್ ಕೊಟ್ಟ. ಕೂರಿಸಿದ ಮೊದಲನೇ ಬೆಳಿಗ್ಗೆ ಸ್ಟಾರ್ಟ್ ಆಯಿತು. ಮರುದಿನ ಬೆಳಿಗ್ಗೆ ಮತ್ತೆ ಕಟ ಕಟ.

ಮನೆಯಾಕೆ ದೈವಭಕ್ತೆ. ಕನಕಪುರ ರಸ್ತೆಯ ಅಮ್ಮನವರ ಗುಡಿಯಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚಿದರೆ ಸರಿಹೋದೀತು ಎಂದಳು. ದೀಪ ಹಚ್ಚಿದ್ದೂ ಆಯಿತು. ನಿಂಬೆಹಣ್ಣಿನಲ್ಲಿ ವಿದ್ಯುತ್ತು ಇದೆಯೆಂಬುದು ಸುಳ್ಳಲ್ಲ. ಒಂದು ತಾಮ್ರದ ತುಂಡು, ಒಂದು ಸತುವಿನ ಮೊಳೆ ಚುಚ್ಚಿದರೆ ಸುಮಾರು ಒಂದು ವೋಲ್ಟು ಸಿಗುತ್ತದೆ. ಕರೆಂಟು ಮಾತ್ರ ಆಂಪಿಯರಿನ ಸಾವಿರದಲ್ಲೊಂದು ಭಾಗವೂ ಸಿಕ್ಕುವುದು ಕಷ್ಟ. ಸ್ಟಾರ್ಟರ್ ಮೋಟಾರು ಎಂಜಿನ್ ತಿರುಗಿಸಲು ಕೇಳುವುದು ನೂರಕ್ಕೂ ಮೇಲೆ. ಹಾಗಾಗಿ ನಾನು ಎದುರು ಮನೆಯ ರಾಯರ ಹತ್ತಿರ ಹೋದೆ. ಅವರು ಕೆಇಬಿಯಲ್ಲಿ ದುಡಿದು ನಿವೃತ್ತರಾದವರು. ಕರೆಂಟಿನ ವಿಷಯ ಎತ್ತಿದರೆ ಅವರ ಮಂಡಿನೋವು ಮಾಯವಾಗುತ್ತದೆ.

ರಾಯರು ಕಾರನ್ನು ನೋಡುವ ಮೊದಲೇ ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿದರು. "ನಿಮ್ಮ ಬ್ಯಾಟರಿ 35 ಆಂಪಿಯರ್-ಅವರಿಂದು. ಕಾರು ನಿಂತಿದ್ದಾಗಲೂ ಗಡಿಯಾರ, ಕಂಪ್ಯೂಟರಿನ ನೆನಪು, ರಿಮೋಟ್ ಲಾಕು ಇವಕ್ಕೆಲ್ಲ ಒಂಚೂರು ಕರೆಂಟು ಬೇಕು. 20ರಿಂದ 50 ಮಿಲಿಆಂಪಿಯರ್ ತನಕ ಹೋದರೆ ಅದು ನ್ಯಾಯವಾದ ಖರ್ಚು. 50 ಅಂತಲೇ ಇಟ್ಟುಕೊಳ್ಳಿ, ದಿನಕ್ಕೆ 1.2 ಆಂಪಿಯರ್-ಅವರ್ ಆಯಿತು. ಎರಡು ವಾರ ನಿಲ್ಲಿಸಿದರೂ ಅರ್ಧ ಉಳಿದಿರಬೇಕು. ಒಂದೆರಡು ರಾತ್ರಿಗೇ ಖಾಲಿಯಾಗತ್ತೆ ಅಂದರೆ ಹೋಗ್ತಿರೋದು ಮಿಲಿ ಅಲ್ಲ, ಒಂದು ಆಂಪಿಯರಿನ ಆಸುಪಾಸು."

ಅದರ ಜೊತೆಗೆ ನಮ್ಮ ಬಿಡಿಎ ಕಾಂಪ್ಲೆಕ್ಸ್ ಯಾತ್ರೆಗೂ ಒಂದು ಮಾತು ಬಿತ್ತು. ಆಲ್ಟರ್ನೇಟರು ಬ್ಯಾಟರಿ ತುಂಬುವುದು ಕಾರು ಓಡುವಾಗ. ಐದು ನಿಮಿಷದ ಓಟದಲ್ಲಿ, ಅದರಲ್ಲೂ ಹೆಡ್‌ಲೈಟು, ಏಸಿ ಹಾಕಿಕೊಂಡು ಸಿಗ್ನಲ್ಲಿನಲ್ಲಿ ನಿಂತರೆ, ಸ್ಟಾರ್ಟ್ ಮಾಡಲು ತೆಗೆದದ್ದೇ ವಾಪಸ್ ಬರುವುದು ಅನುಮಾನ. ಹೀಗೆ ಸದಾ ಅರ್ಧ ತುಂಬಿರುವ ಬ್ಯಾಟರಿಯಿಂದ ರಾತ್ರಿ ಹತ್ತು ಗಂಟೆ ಹೊತ್ತು ಒಂದೊಂದು ಆಂಪಿಯರ್ ಸೋರಿದರೆ ಬೆಳಿಗ್ಗೆಗೆ ಸ್ಟಾರ್ಟರಿಗೆ ಏನೂ ಉಳಿಯುವುದಿಲ್ಲ. ಪೂರ್ತಿ ತುಂಬಿ ತಂದಾಗ ಮಾತ್ರ ಒಂದು ಬೆಳಿಗ್ಗೆಯ ಜೀವದಾನ ಸಿಕ್ಕಿದ್ದು ಅದಕ್ಕೇ. ನಲ್ಲಿಯೆಲ್ಲ ಬಿಗಿಯಾಗಿ ತಿರುಗಿಸಿ ಮಲಗಿದರೂ ಬೆಳಿಗ್ಗೆ ಓವರ್‌ಹೆಡ್ ಟ್ಯಾಂಕು ಬರಿದಾಗಿದ್ದರೆ ನಾವೇನು ಮಾಡುತ್ತೇವೆ? ಒಂದೊಂದು ಬಚ್ಚಲಿನ ವಾಲ್ವು ಮುಚ್ಚುತ್ತ, ಎಲ್ಲಿ ಮುಚ್ಚಿದಾಗ ಸೋರಿಕೆ ನಿಂತಿತು ಎಂದು ನೋಡುತ್ತೇವೆ. ಕಾರಿನಲ್ಲಿ ಆ ವಾಲ್ವುಗಳೇ ಫ್ಯೂಸುಗಳು.

ಎಸ್.ಪಿ. ರಸ್ತೆಯಲ್ಲಿ ಮಲ್ಟಿಮೀಟರು ಕೊಂಡೆ. ಹಳದಿ ಬಣ್ಣದ್ದು, ಮೈತುಂಬ ಸಂಖ್ಯೆ. ರಾಯರು ಅದನ್ನು ತಿರುಗಿಸಿ ನೋಡಿ ಎಚ್ಚರಿಕೆ ಕೊಟ್ಟರು. ಕರೆಂಟು ಅಳೆಯಲು ಕೆಂಪು ತಂತಿಯನ್ನು ಮಾಮೂಲಿ ತೂತಿನಿಂದ ಕಿತ್ತು 10 ಆಂಪಿಯರ್ ಎಂದು ಬರೆದಿರುವ ತೂತಿಗೆ ಹಾಕಬೇಕು. ಅಗ್ಗದ ಮೀಟರುಗಳಲ್ಲಿ ಆ ತೂತಿಗೆ ಒಳಗೆ ರಕ್ಷಣೆಯ ಫ್ಯೂಸೇ ಇರುವುದಿಲ್ಲ. ಮೀಟರು ಸಿಕ್ಕಿಸಿರುವಾಗ ಯಾರಾದರೂ ಕೀಲಿ ತಿರುಗಿಸಿದರೆ ಸ್ಟಾರ್ಟರಿನ ನೂರಾರು ಆಂಪಿಯರು ಅದರ ಮೂಲಕವೇ ನುಗ್ಗಿ ಅಲ್ಲೇ ಅದರ ತಿಥಿ. ನಾನು ಕೀಲಿಯನ್ನು ಮನೆಯಾಕೆಯ ಕೈಗೆ ಕೊಟ್ಟು ಅಡುಗೆಮನೆಯಲ್ಲಿ ಇಟ್ಟುಕೋ ಎಂದೆ. ಮನೆಯಲ್ಲಿ ಸುರಕ್ಷಿತ ಜಾಗ ಅದೊಂದೇ.

ಬ್ಯಾಟರಿಯ ಮೈನಸ್ ಕಂಬದಿಂದ ಕ್ಲ್ಯಾಂಪನ್ನು ಬಿಚ್ಚಿ, ಕಂಬಕ್ಕೊಂದು ಕಡ್ಡಿ, ಬಿಚ್ಚಿದ ಕ್ಲ್ಯಾಂಪಿಗೊಂದು ಕಡ್ಡಿ ಹಚ್ಚಿದೆವು. ಈಗ ಕಾರಿಗೆ ಹೋಗುವ ಕರೆಂಟೆಲ್ಲ ಮೀಟರಿನ ಮೂಲಕವೇ ಹೋಗಬೇಕು. ಫ್ಯೂಸ್ ಪೆಟ್ಟಿಗೆ ಸ್ಟೀರಿಂಗಿನ ಕೆಳಗಿರುವುದರಿಂದ ಬಾಗಿಲು ತೆರೆದೇ ಇರಬೇಕಿತ್ತು. ಬಾಗಿಲು ತೆರೆದರೆ ಒಳಗಿನ ದೀಪ ಹತ್ತುತ್ತದೆ, ಲೆಕ್ಕ ಕೆಡುತ್ತದೆ. ಚೌಕಟ್ಟಿನಲ್ಲಿರುವ ಆ ಸಣ್ಣ ಗುಂಡಿಯನ್ನು ರಾಯರು ಟೇಪು ಸುತ್ತಿ ಒತ್ತಿಟ್ಟರು. ಬಾಗಿಲು ಮುಚ್ಚಿದೆಯೆಂದು ಕಾರು ನಂಬಿತು.

ಮೀಟರಿನಲ್ಲಿ 2ಕ್ಕೂ ಮೇಲೆ ಬಂತು. ನಾನು "ಸಿಕ್ಕಿಬಿದ್ದ!" ಎಂದು ಫ್ಯೂಸಿಗೆ ಕೈಹಾಕಹೋದರೆ ರಾಯರು ತಡೆದು, "ಕಾಫಿ ಹೇಳಿ" ಎಂದರು. ಕರೆಂಟು ಹೊಸದಾಗಿ ಸಿಕ್ಕ ಕೂಡಲೇ ಕಾರಿನೊಳಗಿನ ಕಂಪ್ಯೂಟರು ಎದ್ದು ಕೂತಿರುತ್ತದಂತೆ. ಅದು ಮತ್ತೆ ಮಲಗಲು ಇಪ್ಪತ್ತು ನಿಮಿಷ, ಕೆಲವು ಕಾರುಗಳಲ್ಲಿ ಮುಕ್ಕಾಲು ಗಂಟೆಯೂ ಬೇಕು. ಅದಕ್ಕೂ ಮೊದಲು ಅಳೆದರೆ ಇಲ್ಲದ ಕಳ್ಳನನ್ನು ಹಿಡಿದಂತಾಗುತ್ತದೆ. ಕಾಫಿಯ ಜೊತೆ ಚಕ್ಕುಲಿಯೂ ಬಂತು. ರಾಯರು ಶರಾವತಿಯ ಕರೆಂಟು ಬೆಂಗಳೂರಿಗೆ ಬರುವ ದಾರಿ ವಿವರಿಸಿದರು. ಚಕ್ಕುಲಿ ಮುಗಿಯುವ ಹೊತ್ತಿಗೆ ಮೀಟರು ಇಳಿದು 0.93ಕ್ಕೆ ನಿಂತಿತ್ತು. ಇರಬೇಕಾದದ್ದು ಹೆಚ್ಚೆಂದರೆ 0.05.

ಆಮೇಲೆ ಒಂದೊಂದೇ ಫ್ಯೂಸು. ನಾನು ಸ್ಟೀರಿಂಗಿನ ಕೆಳಗೆ ತಲೆಕೆಳಗಾಗಿ, ರಾಯರು ಬಾನೆಟ್ಟಿನ ಬಳಿ ಮೀಟರು ಹಿಡಿದು. ಹಾರ್ನ್ ಕಿತ್ತೆ, "0.93." ವೈಪರ್ ಕಿತ್ತೆ, "0.93." ಬೀದಿಯಲ್ಲಿ ಹೋಗುವವರಿಗೆ ಇದು ಯಾವುದೋ ಹರಾಜಿನಂತೆ ಕೇಳಿಸಿರಬೇಕು, ಒಬ್ಬರು ನಿಂತು ನೋಡಿದರು. ಕಿತ್ತದ್ದನ್ನು ಅದೇ ಜಾಗಕ್ಕೆ ಹಾಕಿಯೇ ಮುಂದಿನದಕ್ಕೆ ಹೋಗಬೇಕು, ಇಲ್ಲದಿದ್ದರೆ ನೀಲಿಯ ಮನೆಗೆ ಕೆಂಪು ಸೇರುತ್ತದೆ. 'ಡೋಮ್' ಎಂದು ಬರೆದಿದ್ದ 15 ಆಂಪಿಯರಿನ ನೀಲಿ ಫ್ಯೂಸು ಕಿತ್ತಾಗ ರಾಯರ ದನಿ ಬದಲಾಯಿತು: "0.02!"

ನಾನು ದೀಪದ ಬಲ್ಬು ಕೀಳಲು ಹೊರಟೆ. ರಾಯರು ನಕ್ಕರು. ಫ್ಯೂಸು ತೋರಿಸುವುದು ಬೀದಿಯನ್ನು, ಮನೆಯನ್ನಲ್ಲ. ಆ ಒಂದು ಫ್ಯೂಸಿನಿಂದ ಒಳಗಿನ ದೀಪ, ಡಿಕ್ಕಿಯ ದೀಪ, ಮ್ಯೂಸಿಕ್ ಸಿಸ್ಟಮ್ಮಿನ ನೆನಪಿನ ತಂತಿ ಎಲ್ಲಕ್ಕೂ ಕರೆಂಟು ಹಂಚಿಹೋಗುತ್ತದೆ. ಫ್ಯೂಸು ವಾಪಸ್ ಹಾಕಿ, ಕಾರು ಮಲಗುವ ತನಕ ಮತ್ತೆ ಕಾದು, ದೀಪದ ಬಲ್ಬು ತೆಗೆದೆವು. ಬದಲಾವಣೆಯಿಲ್ಲ. ಡಿಕ್ಕಿಯ ಬಲ್ಬು ತೆಗೆದೆವು, ಇಲ್ಲ. ಮ್ಯೂಸಿಕ್ ಸಿಸ್ಟಮ್ಮಿನ ಹಿಂದಿನ ಪ್ಲಗ್ಗು ಎಳೆದಾಗ 0.02.

ಅದು ಮಗ ಜೆ.ಸಿ. ರಸ್ತೆಯಲ್ಲಿ ಹಾಕಿಸಿದ ದೊಡ್ಡ ಪರದೆಯ ಸಿಸ್ಟಮ್ಮು. ಅದಕ್ಕೆ ಬರುವ ಹಳದಿ ತಂತಿ ಸದಾ ಜೀವಂತ, ನೆನಪು ಉಳಿಸಿಕೊಳ್ಳಲು. ಕೆಂಪು ತಂತಿ ಕೀಲಿ ತಿರುಗಿಸಿದಾಗ ಮಾತ್ರ ಜೀವ ಪಡೆಯಬೇಕು, ಅದು ಹೋದಾಗಲೇ ಸಿಸ್ಟಮ್ಮು ಮಲಗುವುದು. ಇಲ್ಲಿ ಕೆಂಪನ್ನೂ ಹಳದಿಯನ್ನೂ ಒಟ್ಟಿಗೆ ಹೊಸೆದು ಕರಿ ಟೇಪು ಸುತ್ತಿದ್ದರು. ಮಗನನ್ನು ಕೇಳಿದರೆ, "ಕೀಲಿ ಇಲ್ಲದೇನೂ ಹಾಡು ಬರಬೇಕು ಅಂತ ನಾನೇ ಹೇಳಿದ್ದೆ ಅಪ್ಪಾ" ಎಂದ. ಪರದೆ ಆರಿಸಿದರೂ ಒಳಗಿನ ಕಂಪ್ಯೂಟರು ರಾತ್ರಿಯಿಡೀ ಎಚ್ಚರವಾಗಿ, ಹಾಡು ಕೇಳುವವರಿಗಾಗಿ ಕಾದಿರುತ್ತಿತ್ತು. ಕೆಂಪು ತಂತಿಯನ್ನು ಬಿಡಿಸಿ ಕೀಲಿಯ ಸಾಲಿಗೆ ಸೇರಿಸಿದ ಮೇಲೆ ಮೀಟರು 0.03ರಲ್ಲಿ ಶಾಂತವಾಯಿತು.

ರಾಯರಿಗೆ ಗೆದ್ದ ಮೇಲೂ ಸಮಾಧಾನವಿಲ್ಲ. ಈಚಿನ ಕಾರುಗಳಲ್ಲಿ ಹೀಗೆ ಫ್ಯೂಸು ಕೀಳಬಾರದು, ವಾಪಸ್ ಹಾಕಿದ ಕೂಡಲೇ ಮಲಗಿದ್ದೆಲ್ಲ ಎದ್ದು ಕೂತು ಪ್ರತಿಸಲ ಕಾಫಿ ಕುಡಿಯಬೇಕಾಗುತ್ತದೆ ಎಂದರು. ಬ್ಲೇಡ್ ಫ್ಯೂಸಿನ ನೆತ್ತಿಯ ಮೇಲೆ ಲೋಹ ಕಾಣುವ ಎರಡು ಸಣ್ಣ ತೂತುಗಳಿವೆ. ಕ್ಲ್ಯಾಂಪನ್ನು ಬ್ಯಾಟರಿಯ ಕಂಬಕ್ಕೆ ಮರಳಿ ಬಿಗಿದು, ಕಾರು ಮಲಗಿದ ಮೇಲೆ, ಮೀಟರಿನ ಕೆಂಪು ತಂತಿಯನ್ನು ವೋಲ್ಟಿನ ತೂತಿಗೆ ಮರಳಿಸಿ, ಮೀಟರನ್ನು 200 ಮಿಲಿವೋಲ್ಟಿಗಿಟ್ಟು, ಎರಡು ಕಡ್ಡಿಗಳನ್ನು ಅಲ್ಲಿ ಮುಟ್ಟಿಸಿದರೆ ಸಾಕು. ಕರೆಂಟು ಹರಿಯದ ಫ್ಯೂಸಿನಲ್ಲಿ ಸೊನ್ನೆ. ಹರಿಯುತ್ತಿದ್ದರೆ ಏನಾದರೂ ಕಾಣುತ್ತದೆ. ತೋರಿಸಲೆಂದೇ ಸಿಸ್ಟಮ್ಮಿನ ಕೆಂಪು, ಹಳದಿ ತಂತಿಗಳನ್ನು ಮತ್ತೆ ಕೂಡಿಸಿ ನೀಲಿ ಫ್ಯೂಸಿಗೆ ಮುಟ್ಟಿಸಿದರು: 4.1 ಮಿಲಿವೋಲ್ಟು. ಅಂಥ ಫ್ಯೂಸಿನ ರೋಧ ಸುಮಾರು ನಾಲ್ಕೂವರೆ ಮಿಲಿಓಮು. ಭಾಗಿಸಿದರೆ 0.91 ಆಂಪಿಯರು. ಎರಡು ದಾರಿಯ ಉತ್ತರವೂ ಹೊಂದಿತೆಂದು ರಾಯರು ಇನ್ನೊಂದು ಚಕ್ಕುಲಿ ತೆಗೆದುಕೊಂಡರು.

ಎಲ್ಲ ಫ್ಯೂಸು ಕಿತ್ತರೂ ಕರೆಂಟು ಇಳಿಯದಿದ್ದರೆ? ಆಗ ಕಳ್ಳ ಪೆಟ್ಟಿಗೆಯ ಆಚೆಗಿದ್ದಾನೆ ಎಂದರ್ಥ. ಆಲ್ಟರ್ನೇಟರಿನ ದಪ್ಪ ತಂತಿ ಈ ಸಣ್ಣ ಫ್ಯೂಸುಗಳನ್ನು ಹಾಯದೆಯೇ ಬ್ಯಾಟರಿಗೆ ಬರುತ್ತದೆ, ಅದರೊಳಗಿನ ಡಯೋಡು ಕೆಟ್ಟರೆ ಕರೆಂಟು ಹಿಮ್ಮುಖವಾಗಿ ಸೋರುತ್ತದೆ. ಬ್ಯಾಟರಿಯಿಂದಲೇ ನೇರ ತಂತಿ ಎಳೆದ ಆಂಪ್ಲಿಫೈಯರು, ಕ್ಯಾಮೆರಾ ಇದ್ದರೂ ಹಾಗೆಯೇ. ಇವೆಲ್ಲ ಮೆಕ್ಯಾನಿಕ್ಕಿನ ಕೆಲಸ, ಚಕ್ಕುಲಿಯಿಂದ ಆಗುವುದಲ್ಲ.

ನಿಮ್ಮ ಕಾರೂ ಬೆಳಿಗ್ಗೆ ಕಟ ಕಟ ಎಂದರೆ ಹೊಸ ಬ್ಯಾಟರಿಗೆ ದುಡ್ಡು ತೆಗೆಯುವ ಮುನ್ನ ಒಮ್ಮೆ ಅಳೆದು ನೋಡಿ. ಮೀಟರು ಬೇಕಿದ್ದರೆ ಬನ್ನಿ, ಕೊಡುತ್ತೇನೆ. ಕಾರಿನ ಕೀಲಿಯನ್ನು ಮಾತ್ರ ನಮ್ಮನೆ ಅಡುಗೆಮನೆಯಲ್ಲಿ ಬಿಟ್ಟು ಹೋಗಬೇಕು.