ಮೆಕ್ಕೆಜೋಳಕ್ಕೆ ಕ್ಯಾಲೆಂಡರ್ ಓದೋಕೆ ಬರಲ್ಲ

ನಮ್ಮ ಪಕ್ಕದ ಹೊಲದ ಯಜಮಾನರು ಬಿತ್ತಿದ ದಿನವೇ ಗೋಡೆಯ ಕ್ಯಾಲೆಂಡರಿಗೆ ಕೆಂಪು ಸುತ್ತು ಹಾಕಿ ಎಣಿಸೋಕೆ ಕೂರುವವರು. ಈ ಸಲ ಹಿಂಗಾರಿನ ಮೆಕ್ಕೆಜೋಳ ಅವರ ಮರ್ಯಾದೆ ತೆಗೀತು. "ಮುಂಗಾರಲ್ಲಿ 50 ದಿನಕ್ಕೆ ತೆನೆಗೆ ಕೂದಲು ಬಂದಿತ್ತು ಕಣಯ್ಯ. ಈಗ 65 ಆದ್ರೂ ಸುದ್ದಿನೇ ಇಲ್ಲ. ಬೀಜ ಮೋಸ!"

ಬೀಜ ಪಾಪ, ಏನು ಮಾಡೀತು? ಯಜಮಾನರೇ, ಪೈರು ದಿನ ಎಣಿಸಲ್ಲ, ಬಿಸಿ ಎಣಿಸುತ್ತೆ. ದಿನಗೂಲಿ ಥರ ದಿನಕ್ಕಿಷ್ಟು ಬಿಸಿ ಜಮಾ ಮಾಡ್ಕೊಂಡು, ಮೊತ್ತ ತುಂಬಿದ ಮೇಲೇ ಮುಂದಿನ ಹಂತಕ್ಕೆ ಕಾಲಿಡುತ್ತೆ. ಈ ಕೂಲಿಗೆ ಕೃಷಿ ವಿಜ್ಞಾನಿಗಳು ಇಟ್ಟ ಹೆಸರು ಗ್ರೋಯಿಂಗ್ ಡಿಗ್ರಿ ಡೇಸ್.

ಲೆಕ್ಕ ಬೀಡಿ ಕಟ್ಟಿನ ಹಿಂದೆ ಬರೆಯುವಷ್ಟೇ. ದಿನದ ಗರಿಷ್ಠ, ಕನಿಷ್ಠ ಉಷ್ಣಾಂಶ ಕೂಡಿಸಿ, ಅರ್ಧ ಮಾಡಿ, 10 ಕಳೀರಿ. 10 ಡಿಗ್ರಿಗಿಂತ ಕೆಳಗೆ ಮೆಕ್ಕೆಜೋಳ ಬೆಳೆಯೋ ಮನಸ್ಸೇ ಮಾಡಲ್ಲ, ಅದಕ್ಕೆ. ಜುಲೈನ ಒಂದು ದಿನ 29 ಮತ್ತು 21 ಇತ್ತು ಅನ್ನಿ: ಸರಾಸರಿ 25, ಕೂಲಿ 15. ಡಿಸೆಂಬರಿನಲ್ಲಿ 28 ಮತ್ತು 14: ಸರಾಸರಿ 21, ಕೂಲಿ 11. ನಿಮ್ಮ ತಳಿಗೆ ಕೂದಲು ಬರೋಕೆ ಸುಮಾರು 770 ಬೇಕು ಅಂತಿಟ್ಕೊಳ್ಳಿ. 770ನ್ನು 15ರಿಂದ ಭಾಗಿಸಿದರೆ 51 ದಿನ; 11ರಿಂದ ಭಾಗಿಸಿದರೆ 70. ಬೀಜ ಅದೇ, ಹೊಲ ಅದೇ, ಕೂಲಿ ಮಾತ್ರ ಕಮ್ಮಿ.

"ಹಂಗಾದ್ರೆ ಬೇಸಿಗೆಯಲ್ಲಿ ಬಿತ್ತಿದ್ರೆ ಓಡೋಡಿ ಬರುತ್ತೆ!" ಅಂದರು. ಅಲ್ಲೇ ಒಂದು ಕೊಕ್ಕೆ ಇದೆ. 30 ದಾಟಿದ ಬಿಸಿಗೆ ಹೆಚ್ಚಿನ ಕೂಲಿ ಇಲ್ಲ. 36 ಮತ್ತು 22 ಇದ್ದ ದಿನ 36ರ ಜಾಗದಲ್ಲಿ 30 ಅಂತಲೇ ಬರೀಬೇಕು. 19ರ ಬದಲು ಜುಲೈನ 15ರ ಮೇಲೊಂದು, 16 ಸಿಗುತ್ತೆ ಅಷ್ಟೆ. ಕನಿಷ್ಠವೂ ಹಾಗೇ, 10ಕ್ಕಿಂತ ಇಳಿದರೆ 10 ಅಂತಲೇ ಬರೆಯೋದು.

770 ಅನ್ನೋದು ಎಲ್ಲ ತಳಿಗೂ ಹೊಂದಲ್ಲ. ಅಲ್ಪಾವಧಿ ತಳಿಗೆ ಕಮ್ಮಿ ಸಾಕು, ದೀರ್ಘಾವಧಿಗೆ ಜಾಸ್ತಿ ಬೇಕು. ಬಿತ್ತಿದ ದಿನದಿಂದ ಅರ್ಧ ಗಿಡಗಳಲ್ಲಿ ಕೂದಲು ಕಾಣೋವರೆಗೆ ದಿನಾ ಬರೆದು ಕೂಡಿಸಿ, ನಿಮ್ಮದೇ ಅಂಕಿ ಸಿಗುತ್ತೆ. ಆದರೆ ಪೇಟೆಯ ಉಷ್ಣಾಂಶ ಬರ್ಕೊಂಡು ಊರಿನ ಹೊಲಕ್ಕೆ ಹಚ್ಚಬೇಡಿ. ಇನ್ನೊಂದು ಮಾತು: ಎಳೆ ಗಿಡದ ಸುಳಿ ಐದಾರು ಎಲೆ ಬಿಡೋವರೆಗೂ ಮಣ್ಣಿನೊಳಗೇ ಇರೋದರಿಂದ, ಆಗ ಅದಕ್ಕೆ ಸಿಗೋದು ಮಣ್ಣಿನ ಬಿಸಿ. ಗಾಳಿಯ ಲೆಕ್ಕ ಆರಂಭದಲ್ಲಿ ಒಂಚೂರು ಹೆಚ್ಚುಕಮ್ಮಿ ಆಗುತ್ತೆ.

ಇನ್ನು ನೀರು. ಈ ಲೆಕ್ಕಕ್ಕೆ ಬರಗಾಲ ಗೊತ್ತಿಲ್ಲ. ತೇವ ಇಲ್ಲದಿದ್ದರೆ ಸೂಲಂಗಿ ಬಂದರೂ ಕೂದಲು ಹಿಂದೆ ಬೀಳುತ್ತೆ, ಪರಾಗ ಉದುರಿ ಮುಗಿದ ಮೇಲೆ ಬಂದರೆ ತೆನೆಯಲ್ಲಿ ಕಾಳಿಗಿಂತ ದಿಂಡೇ ಜಾಸ್ತಿ. ಆದ್ದರಿಂದ ಯಜಮಾನರೇ, ಮೊತ್ತ 770 ಮುಟ್ಟಿ ಸೂಲಂಗಿ ತೂಗಾಡ್ತಿದ್ದು ಕೂದಲು ಮಾತ್ರ ಕಾಣದಿದ್ದರೆ ಚೀಟಿ ಮಡಚಿಟ್ಟು ಬೋರ್ ಸ್ವಿಚ್ ಒತ್ತಿ. ಕರೆಂಟ್ ಇದ್ದರೆ.