ಷರತ್ತುಗಳನ್ನು ಕತ್ತರಿಸಲಾಗಿದೆ

ಕ್ಲೌಡ್ ಸ್ಟೋರೇಜ್ ಬಗ್ಗೆ ‘ಜನಸಾಮಾನ್ಯರಿಗೆ ಅರ್ಥವಾಗುವ ಹಾಗೆ’ ಬರೆಯುವುದು ಕನ್ನಡದಲ್ಲಿ ಈಗ ಒಂದು ಕಸುಬು. ಕೆಲಸ ಕಷ್ಟದ್ದೇನಲ್ಲ. ಮೇಲೆ ನೀಲಿ ಬಣ್ಣ ಬಳಿದು ಒಂದು ಬಿಳಿ ಮೋಡ ತೇಲಿಬಿಡಬೇಕು, ಅದರಿಂದ ಕೆಳಗಿನ ಫೋನಿಗೆ ಎರಡು ಬಾಣ ಬಿಡಬೇಕು. ಮೊದಲ ಪ್ಯಾರಾದಲ್ಲಿ ‘ಇಂದಿನ ಡಿಜಿಟಲ್ ಯುಗದಲ್ಲಿ’ ಅನ್ನಬೇಕು. ಎರಡನೆಯದರಲ್ಲಿ ‘ಇದೊಂದು ಬ್ಯಾಂಕ್ ಲಾಕರ್ ಇದ್ದ ಹಾಗೆ, ಇಟ್ಟು ಬನ್ನಿ, ನಿಶ್ಚಿಂತೆಯಾಗಿರಿ’ ಎಂದು ಓದುಗನ ಬೆನ್ನು ತಟ್ಟಬೇಕು. ಮೂರನೆಯ ಪ್ಯಾರಾಕ್ಕೆ ಜಾಗ ಉಳಿದಿರುವುದಿಲ್ಲ, ಅಲ್ಲಿ ಜಾಹೀರಾತು ಬಂದಿರುತ್ತದೆ.

ಇಂಥ ಒಂದು ಲೇಖನವನ್ನು ಪೂರ್ತಿ ನಂಬಿ ನಡೆದರೆ ಏನಾಗುತ್ತದೆ ಎಂದು ನೋಡಲು ಜಗಳೂರು ಸೀಮೆಯ ಬಿಳಿಚೋಡಿನ ಯಜಮಾನರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಮೆಕ್ಕೆಜೋಳ, ಈರುಳ್ಳಿ, ಒಂದಿಷ್ಟು ಶೇಂಗಾ. ಜೇಬಿನಲ್ಲಿ ಆಂಡ್ರಾಯ್ಡ್ ಫೋನು. ಮೇ ತಿಂಗಳಲ್ಲಿ ಮಗಳ ಮದುವೆ ಮಾಡಿದ್ದಾರೆ. ಫೋನಿನಲ್ಲೇ ತೆಗೆದ 900 ಚಿತ್ರ, ಧಾರೆಯಿಂದ ಹಿಡಿದು ಹೆಣ್ಣು ಒಪ್ಪಿಸುವ ತನಕ ಬಿಡಿಬಿಡಿಯಾಗಿ ಹಿಡಿದ 40 ನಿಮಿಷದ ವಿಡಿಯೊ. ಬಂಧುಗಳು ವಾಟ್ಸಾಪಿನಲ್ಲಿ ಕಳಿಸಿದ್ದು ಬೇರೆ. ಜೂನ್ ಮುಗಿಯುವ ಹೊತ್ತಿಗೆ ಫೋನು ‘ಜಾಗ ಇಲ್ಲ’ ಎಂದು ಗೋಳಿಡಲು ಶುರು ಮಾಡಿತು. ಬೆಳೆ ಸಮೀಕ್ಷೆ ಆ್ಯಪಿನಲ್ಲಿ ಹೊಲದ ಫೋಟೊ ತೆಗೆಯೋಣವೆಂದರೆ ಅದೂ ಆಗದು. ಅಷ್ಟರಲ್ಲಿ ಪುರವಣಿಯಲ್ಲಿ ಲೇಖನ ಬಂತು: ‘ನಿಮ್ಮ ಫೋಟೊಗಳೆಲ್ಲ ಕ್ಲೌಡ್‌ನಲ್ಲಿ ಭದ್ರ. ಫೋನಿನಿಂದ ಧೈರ್ಯವಾಗಿ ಅಳಿಸಿ.’ ಎಷ್ಟು ಸರಳ! ಒಂದೇ ಒಂದು ತಾಂತ್ರಿಕ ಪದ ಇಲ್ಲ. ಯಜಮಾನರು ಧೈರ್ಯವಾಗಿ ಅಳಿಸಿದರು.

ಈಗ ಆ ಲೇಖಕರು ನಮ್ಮ ಮೇಲಿನ ಕರುಣೆಯಿಂದ ಏನೇನು ಬಿಟ್ಟಿದ್ದರು ಎಂದು ನೋಡೋಣ.

ಬ್ಯಾಕಪ್ ಚಾಲೂ ಇದೆ ಎಂದ ಮಾತ್ರಕ್ಕೆ ಫೋಟೊ ಮೇಲೇರಿದೆ ಎಂದಲ್ಲ. ಗೂಗಲ್ ಫೋಟೊಸ್ ಸಾಮಾನ್ಯವಾಗಿ ವೈಫೈ ಸಿಕ್ಕಾಗ ಮಾತ್ರ ಏರಿಸುತ್ತದೆ. ಮೊಬೈಲ್ ಡೇಟಾದಲ್ಲೂ ಏರಿಸು ಎಂದು ಸೆಟ್ಟಿಂಗ್ಸಿನಲ್ಲಿ ನಾವೇ ಅಪ್ಪಣೆ ಕೊಡಬೇಕು. ಲೇಖನ ಬರೆದವರ ಬೆಂಗಳೂರಿನ ಮನೆಯಲ್ಲಿ ವೈಫೈ ಬಚ್ಚಲುಮನೆಯ ತನಕ ಬರುತ್ತದೆ, ಹಾಗಾಗಿ ಈ ಷರತ್ತು ಅವರ ಕಣ್ಣಿಗೆ ಎಂದೂ ಬಿದ್ದಿಲ್ಲ. ರೀಚಾರ್ಜಿನ ಡೇಟಾದಲ್ಲೇ ಬದುಕುವ ಹಳ್ಳಿಯ ಫೋನಿನಲ್ಲಿ ಬ್ಯಾಕಪ್ `Waiting for Wi-Fi` ಎಂದು ತಿಂಗಳುಗಟ್ಟಲೆ ಕಾಯುತ್ತಾ ಕೂತಿರುತ್ತದೆ. ನಮ್ಮ ಯಜಮಾನರ ಅದೃಷ್ಟಕ್ಕೆ ಅಳಿಯ ಬಂದವನು ಆ ಅಪ್ಪಣೆ ಕೊಟ್ಟು ಹೋಗಿದ್ದ. ಸರಿ, ಏರಲು ಶುರುವಾಯಿತು.

ಎಲ್ಲಿಯ ತನಕ ಏರಿತು? ಗೂಗಲ್ ಖಾತೆಗೆ ಪುಕ್ಕಟೆಯಾಗಿ ಸಿಗುವುದು 15 ಜಿಬಿ. ಅದು ಫೋಟೊಗೆ ಮಾತ್ರವಲ್ಲ; ಜಿಮೇಲ್, ಡ್ರೈವ್, ಫೋಟೊ ಮೂರೂ ಸೇರಿ 15. ಆಂಡ್ರಾಯ್ಡಿನ ವಾಟ್ಸಾಪ್ ಬ್ಯಾಕಪ್ಪೂ ಈಗ ಅದರಲ್ಲೇ ಪಾಲು ಕೇಳುತ್ತದೆ. ಒಂದಿಷ್ಟು ಇಳಿಸಿದ ಗುಣಮಟ್ಟದಲ್ಲಾದರೆ ಎಷ್ಟು ಫೋಟೊ ಬೇಕಾದರೂ ಇಡಬಹುದಾಗಿದ್ದ ಕಾಲವೊಂದಿತ್ತು. ಅದು 2021ರ ಜೂನ್ 1ಕ್ಕೆ ಮುಗಿಯಿತು. ಆದರೆ ಸರಳೀಕರಣದವರು ಹಳೆಯ ಲೇಖನಕ್ಕೆ ಹೊಸ ದಿನಾಂಕ ಹಾಕುವವರಾದ್ದರಿಂದ ‘ಉಚಿತ, ಅಪರಿಮಿತ’ ಎಂಬುದು ಇನ್ನೂ ಅಲ್ಲಿ ಇಲ್ಲಿ ಅಚ್ಚಾಗುತ್ತಲೇ ಇದೆ.

ಯಜಮಾನರ ಖಾತೆಯಲ್ಲಿ ಮೊದಲೇ 12 ಜಿಬಿ ತುಂಬಿತ್ತು ಎಂದಿಟ್ಟುಕೊಳ್ಳಿ; ಶುಭೋದಯದ ವಿಡಿಯೊಗಳನ್ನು ಜತನದಿಂದ ಕಾಪಾಡಿದ ವಾಟ್ಸಾಪ್ ಬ್ಯಾಕಪ್ಪೇ ಅದರಲ್ಲಿ ಬಹುಪಾಲು. ಉಳಿದದ್ದು 3 ಜಿಬಿ. ಒಂದು ಚಿತ್ರಕ್ಕೆ 4 ಎಂಬಿಯಂತೆ ಹಿಡಿದರೆ 750 ಚಿತ್ರ ಏರುವಷ್ಟರಲ್ಲಿ ಖಾತೆ ಭರ್ತಿ. ಮಿಕ್ಕ 150 ಚಿತ್ರ ಫೋನಿನಲ್ಲೇ ಉಳಿದವು. ವಿಡಿಯೊ ನಿಮಿಷಕ್ಕೆ ಸುಮಾರು 130 ಎಂಬಿಯಂತೆ 5 ಜಿಬಿ ದಾಟುತ್ತದೆ, ಅದು ಹೊಸ್ತಿಲನ್ನೇ ತುಳಿಯಲಿಲ್ಲ. ಇನ್ನು ಬಂಧುಗಳು ಕಳಿಸಿದ ಚಿತ್ರಗಳು: ಬ್ಯಾಕಪ್ ತಾನಾಗಿ ನೋಡುವುದು ಕ್ಯಾಮೆರಾ ಫೋಲ್ಡರನ್ನು ಮಾತ್ರ. ವಾಟ್ಸಾಪ್ ಫೋಲ್ಡರನ್ನೂ ನೋಡು ಎಂದು ಬೇರೆಯಾಗಿ ಹೇಳಬೇಕು. ಯಾರೂ ಹೇಳಿರಲಿಲ್ಲ.

ಇಷ್ಟಾದರೂ ಆ 750 ಚಿತ್ರಗಳು ಉಳಿಯಬೇಕಿತ್ತಲ್ಲ? ಲಾಕರ್ ಕಥೆ ನಿಜವಾಗಿದ್ದರೆ ಉಳಿಯುತ್ತಿದ್ದವು. ಲಾಕರಿನಲ್ಲಿ ಒಡವೆ ಇಟ್ಟವರು ಮನೆಯ ಬೀರು ಖಾಲಿ ಮಾಡಿದರೆ ಬ್ಯಾಂಕಿನ ಒಡವೆ ಕರಗುವುದಿಲ್ಲ. ಫೋಟೊಸ್ ಆ್ಯಪ್ ಹಾಗಲ್ಲ. ಅದರಲ್ಲಿ ನಮಗೆ ಕಾಣುವುದು ಫೋನಿನದೊಂದು, ಕ್ಲೌಡ್‌ನದೊಂದು ಎಂಬ ಎರಡು ಬೇರೆ ಬೇರೆ ಪಟ್ಟಿ ಅಲ್ಲ, ಎರಡೂ ಬೆರೆತ ಒಂದೇ ಪಟ್ಟಿ. ಅಲ್ಲಿ ಒಂದು ಚಿತ್ರವನ್ನು ಅಳಿಸಿದರೆ ಫೋನಿನಿಂದಲೂ ಹೋಗುತ್ತದೆ, ಖಾತೆಯಿಂದಲೂ ಹೋಗುತ್ತದೆ, ಅದೇ ಖಾತೆಯಿರುವ ಮಗನ ಟ್ಯಾಬ್ಲೆಟ್ಟಿನಿಂದಲೂ ಹೋಗುತ್ತದೆ. ಇದಕ್ಕೆ ಸಿಂಕ್ ಎನ್ನುತ್ತಾರೆ. ಆ ಪದವನ್ನು ‘ಕ್ಲಿಷ್ಟ’ವೆಂದು ಕಿತ್ತು ಹಾಕಿದವರು ಅದು ಮಾಡುವ ಕೆಲಸವನ್ನೂ ಜೊತೆಗೇ ಕಿತ್ತು ಹಾಕಿದ್ದರು.

ಫೋನಿನಲ್ಲಿ ಮಾತ್ರ ಜಾಗ ಮಾಡಿಕೊಳ್ಳುವ ಗುಂಡಿ ಬೇರೆಯೇ ಇದೆ: `Free up space`. ಅದನ್ನು ಒತ್ತಿದ್ದರೆ ಏರಿದ 750ರ ಫೋನ್ ಪ್ರತಿಗಳು ಮಾತ್ರ ಹೋಗಿ, ಏರದ 150 ಚಿತ್ರ ಮತ್ತು ಇಡೀ ವಿಡಿಯೊ ಫೋನಿನಲ್ಲೇ ಕೂತಿರುತ್ತಿದ್ದವು. ಯಾವುದು ಏರಿದೆ, ಯಾವುದು ಇಲ್ಲ ಎಂಬ ಲೆಕ್ಕ ಆ ಗುಂಡಿಗೆ ಗೊತ್ತು. ಅಳಿಸುವ ಬುಟ್ಟಿಯ ಗುರುತಿಗೆ ಆ ಲೆಕ್ಕ ಬೇಕಾಗಿಲ್ಲ, ಅದು ಹೇಳಿದಷ್ಟು ಮಾಡುತ್ತದೆ. ಎರಡು ಗುಂಡಿಗಳ ನಡುವಿನ ಈ ವ್ಯತ್ಯಾಸ ಹೇಳಲು ನಾಲ್ಕು ಸಾಲು ಸಾಕು. ಆದರೆ ಮೋಡದ ಚಿತ್ರಕ್ಕೆ ಎಂಟು ಸಾಲಿನ ಜಾಗ ಹೋಗಿರುತ್ತದೆ, ಏನು ಮಾಡಲಾದೀತು.

ಅಳಿಸಿದ್ದು ಜುಲೈ 1. ಖಾತೆಗೆ ಏರಿದ್ದ ಚಿತ್ರಗಳು ಕಸದ ಬುಟ್ಟಿಯಲ್ಲಿ 60 ದಿನ ಇರುತ್ತವೆ, ಅಂದರೆ ಆಗಸ್ಟ್ 30ರ ತನಕ. ಏರದೆ ಇದ್ದವಕ್ಕೆ 30 ದಿನ ಮಾತ್ರ, ಜುಲೈ ಕೊನೆಗೇ ಅವುಗಳ ಕಥೆ ಮುಗಿಯಿತು. ಅಷ್ಟರೊಳಗೆ ಬುಟ್ಟಿ ತೆರೆದು ನೋಡಿದ್ದರೆ ಎಲ್ಲವನ್ನೂ ಎತ್ತಿಕೊಳ್ಳಬಹುದಿತ್ತು. ಈರುಳ್ಳಿ ನಾಟಿ, ಕಳೆ, ಗೊಬ್ಬರದ ನಡುವೆ ಯಾರು ಫೋಟೊ ನೋಡುತ್ತಾರೆ? ದೀಪಾವಳಿಗೆ ಮಗಳು ಅಳಿಯ ಬಂದಾಗ ನೆನಪಾಯಿತು. ಯಜಮಾನರು ಮೊಬೈಲ್ ಅಂಗಡಿಗೆ ಹೋದರು.

“ತಮ್ಮಾ, ಮದುವೆ ಫೋಟೊ ಕ್ಲೌಡ್‌ನಾಗೆ ಅದಾವೆ, ಇಳಿಸಿ ಕೊಡು.”

“ಇಲ್ಲಲ್ಲ ಯಜಮಾನ್ರೆ. ಖಾಲಿ ಐತೆ.”

“ಪೇಪರ್‌ನಾಗೆ ಭದ್ರ ಐತೆ ಅಂತ ಬರ್ದಿದ್ರಲ್ಲಪ್ಪಾ?”

“ನೀವೇ ಅಳಿಸಿದೀರಲ್ಲ!”

“ಫೋನಿಂದ ಅಳ್ಸಿದ್ದು ಕಣೋ, ಕ್ಲೌಡಿಂದ ಅಲ್ಲ.”

ಯಜಮಾನರ ವಾದದಲ್ಲಿ ತಪ್ಪಿಲ್ಲ. ಅವರು ಓದಿದ ವಿವರಣೆಯ ಪ್ರಕಾರ ಅವರು ಮಾಡಿದ್ದು ಸರಿಯಾಗಿಯೇ ಇತ್ತು.

‘ಭದ್ರ’ ಎಂಬ ಮಾತಿಗೂ ಒಂದು ಮೂಲ ಇದೆ. ಅಮೆಜಾನ್ ಕಂಪನಿಯ ಎಸ್3 ಎಂಬ ಉಗ್ರಾಣ ತನ್ನನ್ನು ಶೇಕಡಾ 99.999999999ರಷ್ಟು ಭದ್ರವಾಗಿ ರೂಪಿಸಲಾಗಿದೆ ಎನ್ನುತ್ತದೆ, ಹನ್ನೊಂದು ಒಂಬತ್ತುಗಳು. ಒಂದು ಕೋಟಿ ಕಡತ ಇಟ್ಟರೆ ಹತ್ತು ಸಾವಿರ ವರ್ಷಕ್ಕೆ ಒಂದು ಕಳೆಯಬಹುದು ಎಂಬುದು ಅದರ ಸರಾಸರಿ ಲೆಕ್ಕ. ಸುಳ್ಳಲ್ಲ, ಆದರೆ ಅದು ಡಿಸ್ಕು ಕೆಡುವ, ಯಂತ್ರ ಸುಡುವ ಬಗೆಗಿನ ಲೆಕ್ಕ. ಕಡತವನ್ನು ಬೇರೆ ಬೇರೆ ಕೇಂದ್ರಗಳಲ್ಲಿ ಹರಡಿ ಇಟ್ಟಿರುವುದರಿಂದ ಒಂದು ಹೋದರೂ ಉಳಿದವುಗಳಿಂದ ಮರಳಿ ಕಟ್ಟಬಹುದು. ಮಾಲೀಕನೇ ಬೆರಳಿಟ್ಟು ಅಳಿಸಿದರೆ ಎಲ್ಲ ಕೇಂದ್ರಗಳೂ ಅದೇ ವಿಧೇಯತೆಯಿಂದ ಅಳಿಸುತ್ತವೆ. ಬೆರಳಿನ ತಪ್ಪಿಗೆ ಎಷ್ಟು ಒಂಬತ್ತು ಎಂದು ಯಾರೂ ಲೆಕ್ಕ ಹಾಕಿಲ್ಲ. ನಮ್ಮವರು ಹನ್ನೊಂದು ಒಂಬತ್ತನ್ನು ಸರಳಗೊಳಿಸಿ ‘ನೂರಕ್ಕೆ ನೂರು’ ಮಾಡಿದರು; ಯಾವುದರ ವಿರುದ್ಧ ಭದ್ರ ಎಂಬುದನ್ನು ಇನ್ನೂ ಸರಳಗೊಳಿಸಿ ಇಲ್ಲವಾಗಿಸಿದರು.

ಬಿಳಿಚೋಡಿನವರಿಗೆ ತಿಳಿಯದು ಎಂದು ಮೂಗು ಮುರಿಯುವವರು ದಕ್ಷಿಣ ಕೊರಿಯಾದ ಕಡೆ ನೋಡಬೇಕು. ಅಲ್ಲಿನ ಸರ್ಕಾರಿ ನೌಕರರಿಗೆ ಜಿ-ಡ್ರೈವ್ ಎಂಬ ಕ್ಲೌಡ್ ಇತ್ತು, ಗೂಗಲ್‌ದಲ್ಲ, ಸರ್ಕಾರದ್ದೇ. ಕಡತವನ್ನು ಕಚೇರಿಯ ಕಂಪ್ಯೂಟರಿನಲ್ಲಿ ಇಡಬೇಡಿ, ಎಲ್ಲವನ್ನೂ ಇಲ್ಲೇ ಇಡಿ ಎಂದು ಕೆಲವು ಇಲಾಖೆಗಳು ಕಟ್ಟಪ್ಪಣೆ ಮಾಡಿದ್ದವು. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ಬಿದ್ದು ಜಿ-ಡ್ರೈವ್ ಸುಟ್ಟುಹೋಯಿತು. ಅದರೊಳಗೆ 858 ಟಿಬಿ ಇತ್ತು, ನಮ್ಮ ಯಜಮಾನರದಂಥ ಪುಕ್ಕಟೆ ಖಾತೆಗಳು ಐವತ್ತೇಳು ಸಾವಿರ ಹಿಡಿಯುವಷ್ಟು. ಬೇರೆ ಊರಿನಲ್ಲಿ ಇನ್ನೊಂದು ಪ್ರತಿ ಇರಲಿಲ್ಲ. ಯಾಕೆಂದು ಕೇಳಿದರೆ, ಅದು ತೀರಾ ದೊಡ್ಡದಾಗಿದ್ದರಿಂದ ಬ್ಯಾಕಪ್ ಮಾಡಲಾಗಲಿಲ್ಲ ಎಂಬ ವಿವರಣೆ ಬಂತು. ಇಷ್ಟು ಸರಳವಾದ ವಿವರಣೆ ನಮ್ಮ ಪುರವಣಿಗಳಲ್ಲೂ ಬಂದಿಲ್ಲ.

ಹಾಗಾದರೆ ನೀನೇ ಬರಿ ನೋಡೋಣ ಎಂದು ಗೆಳೆಯರಾದ ಉಪಸಂಪಾದಕರೊಬ್ಬರು ಸವಾಲು ಹಾಕಿದರು. ಬರೆದೆ:

‘ನಿಮ್ಮ ಫೋಟೊದ ಒಂದು ಪ್ರತಿ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ, ವೈಫೈ ಇದ್ದರೆ ಅಥವಾ ಮೊಬೈಲ್ ಡೇಟಾಕ್ಕೆ ನೀವು ಒಪ್ಪಿಗೆ ಕೊಟ್ಟಿದ್ದರೆ. 15 ಜಿಬಿ ತುಂಬಿದರೆ ನಿಲ್ಲುತ್ತದೆ; ಆಮೇಲೆ ಜಿಮೇಲಿಗೆ ಬರುವ ಪತ್ರವೂ ನಿಲ್ಲುತ್ತದೆ. ವಾಟ್ಸಾಪ್ ಚಿತ್ರ ಬೇಕಿದ್ದರೆ ಆ ಫೋಲ್ಡರನ್ನು ಬೇರೆ ಆರಿಸಿ. ಆ್ಯಪಿನೊಳಗೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ. ಫೋನಿನಲ್ಲಿ ಮಾತ್ರ ಜಾಗ ಬೇಕಿದ್ದರೆ ಮೊದಲು ನಿಮ್ಮ ಚಿತ್ರದ ಗುರುತನ್ನು ಮುಟ್ಟಿ, `Backup complete` ಎಂದಿದ್ದರೆ ಮಾತ್ರ `Free up space` ಒತ್ತಿ. ತಪ್ಪಿ ಅಳಿಸಿದ್ದರೆ ಇವತ್ತೇ ಕಸದ ಬುಟ್ಟಿ ನೋಡಿ. ಮದುವೆಯಂಥ ಚಿತ್ರಗಳಾದರೆ ಒಂದು ಪೆನ್‌ಡ್ರೈವಿಗೂ ಹಾಕಿ ಬೇರೆ ಮನೆಯಲ್ಲಿಡಿ.’

ಉಪಸಂಪಾದಕರು ಓದಿ ನಿಟ್ಟುಸಿರು ಬಿಟ್ಟರು. “ಚೆನ್ನಾಗಿದೆ ಮಾರಾಯ. ಆದರೆ ಎಷ್ಟೊಂದು ‘ಇದ್ದರೆ’, ‘ತುಂಬಿದರೆ’! ಓದುಗರಿಗೆ ಗಾಬರಿಯಾಗುತ್ತೆ. ಸ್ವಲ್ಪ ಸರಳ ಮಾಡ್ತೀನಿ.”

ಭಾನುವಾರ ಅಚ್ಚಾಯಿತು. ಮೋಡ ಇತ್ತು, ಬಾಣಗಳಿದ್ದವು. ಷರತ್ತುಗಳಿದ್ದ ಜಾಗದಲ್ಲಿ ಪೆಟ್ಟಿಗೆ ಕಟ್ಟಿ ಒಂದೇ ಸಾಲು ಹಾಕಿದ್ದರು: ‘ಹೆಚ್ಚಿನ ಮಾಹಿತಿಗೆ ನಿಮ್ಮ ಸಮೀಪದ ತಜ್ಞರನ್ನು ಸಂಪರ್ಕಿಸಿ.’ ಬಿಳಿಚೋಡಿನಲ್ಲಿ ಆ ತಜ್ಞ ಎಂದರೆ ಮೊಬೈಲ್ ಅಂಗಡಿಯ ಹುಡುಗ. ಅವನು ಪುರವಣಿಯನ್ನು ತಪ್ಪದೆ ಓದುತ್ತಾನೆ.