ಇಪ್ಪತ್ತಮೂರೂವರೆ ಗುಣದ ಹುಡುಗ

ಮಗಳಿಗೆ ಗಂಡು ಹುಡುಕುವ ಕೆಲಸ ನನಗೆ ಬಂದದ್ದು ಯೋಗ್ಯತೆಯಿಂದಲ್ಲ, ನಿವೃತ್ತಿಯಿಂದ. ಎರ್ನಾಕುಲಂನ ಬ್ಯಾಂಕಿನಲ್ಲಿ ಊರವರ ಲೆಕ್ಕ ತಾಳೆ ನೋಡುತ್ತಲೇ ತಲೆ ಬೋಳಾದ ನನಗೆ ಮನೆಯಲ್ಲಿ ತಾಳೆ ನೋಡಲು ಹಾಲಿನ ಚೀಟಿ ಬಿಟ್ಟರೆ ಏನೂ ಉಳಿದಿರಲಿಲ್ಲ. ಮ್ಯಾಟ್ರಿಮೊನಿ ಸೈಟಿನಲ್ಲಿ ಒಬ್ಬೊಬ್ಬ ಹುಡುಗನ ಪಕ್ಕದಲ್ಲೂ 36ಕ್ಕೆ ಇಷ್ಟು ಅಂತ ಅಂಕ ಬಿದ್ದದ್ದು ಕಂಡು ಹಿಗ್ಗಿಹೋದೆ. 18ಕ್ಕಿಂತ ಕೆಳಗಿನವರನ್ನು ಫೋಟೊ ಕೂಡ ನೋಡದೆ ತಳ್ಳಿಹಾಕಿದೆ.

"ಹುಡುಗ ಎಂತ ಮಾಡಿಕೊಂಡಿದ್ದಾನಂತೆ?" ಎಂದಳು ಹೆಂಡತಿ, ಅಡುಗೆಮನೆಯಿಂದ.

"ಗ್ರಹಮೈತ್ರಿ ಐದಕ್ಕೆ ಐದು" ಎಂದೆ.

"ಸಂಬಳ ಕೇಳಿದ್ದು ಮಾರಾಯ್ರೆ."

ಈ ಹುಡುಗ ತಿರುವನಂತಪುರದವನು. ಪದ್ಮನಾಭಸ್ವಾಮಿ ದೇವಸ್ಥಾನದ ಪೂಜೆಗೆಂದು ತುಳುನಾಡಿನಿಂದ ಹೋಗಿ ಅಲ್ಲೇ ನೆಲೆಸಿದ ಪೋಟ್ಟಿಗಳ ಪೈಕಿ. ಮನೆಯಲ್ಲಿ ಹಿರಿಯರು ಮಾತ್ರ ಅಷ್ಟಿಷ್ಟು ತುಳು ಆಡುತ್ತಾರೆ. ನನ್ನ ಮಗಳಿಗೂ ಕೆಲಸ ಕಳಕ್ಕೂಟ್ಟಂನ ಟೆಕ್ನೋಪಾರ್ಕಿನಲ್ಲಿ. ಅಂಕ 23.5. ಖಾತ್ರಿಗೆಂದು ಇನ್ನೊಂದು ಸೈಟಿನಲ್ಲಿ ಹಾಕಿದೆ. ಅಲ್ಲಿ 24.5.

"ಒಂದೇ ಅಂಕ ಹೆಚ್ಚುಕಮ್ಮಿ, ಬಿಡಿ" ಎಂದಳು ಹೆಂಡತಿ. ಬಿಟ್ಟಿದ್ದರೆ ನಾನು ಬ್ಯಾಂಕಿನವನೇ ಅಲ್ಲ. ಎರಡರ ಒಳಪಟ್ಟಿಯನ್ನೂ ಪ್ರಿಂಟ್ ತೆಗೆದು, ಕೆಂಪು ಪೆನ್ನು ಹಿಡಿದು ಊಟದ ಮೇಜಿನ ಮೇಲೆ ಹರಡಿದೆ. ಸಾರಿನ ಪಾತ್ರೆ ಇಡಲು ಜಾಗ ಉಳಿಯಲಿಲ್ಲ.

ಸಾಲಾವಳಿಯ ಈ ಲೆಕ್ಕ ಸರಳ. ವರ್ಣಕ್ಕೆ 1, ವಶ್ಯಕ್ಕೆ 2, ತಾರೆಗೆ 3, ಯೋನಿಗೆ 4, ಗ್ರಹಮೈತ್ರಿಗೆ 5, ಗಣಕ್ಕೆ 6, ರಾಶಿಕೂಟಕ್ಕೆ 7, ನಾಡಿಗೆ 8. ಕೂಡಿದರೆ 36. ಇಷ್ಟಕ್ಕೂ ಬೇಕಾದದ್ದು ಇಬ್ಬರ ಚಂದ್ರ ಯಾವ ನಕ್ಷತ್ರ, ಯಾವ ರಾಶಿಯಲ್ಲಿದ್ದ ಎನ್ನುವುದು ಮಾತ್ರ. ನಕ್ಷತ್ರ 27, ಅದರಲ್ಲಿ ಒಂಬತ್ತು ಎರಡು ರಾಶಿಗಳಿಗೆ ಹಂಚಿಹೋಗಿರುವುದರಿಂದ ಒಟ್ಟು 36 ಬಗೆಯ ಜನ. ಹುಡುಗರನ್ನು ಅಡ್ಡಕ್ಕೆ, ಹುಡುಗಿಯರನ್ನು ಉದ್ದಕ್ಕೆ ಬರೆದರೆ 1296 ಮನೆಗಳ ಕೋಷ್ಟಕ. ಭಾರತದ ಸಕಲ ವಧೂವರರೂ ಅದರೊಳಗೇ. ಸೈಟು ಗಣಿತ ಮಾಡುವುದು ಚಂದ್ರನನ್ನು ಹುಡುಕುವವರೆಗೆ, ಆಮೇಲೆ ಕೋಷ್ಟಕದಲ್ಲಿ ಬೆರಳಿಡುತ್ತದೆ. ಹುಡುಗನಿಗೆ ಅವಳಿ ತಮ್ಮನಿದ್ದರೆ ಅವನಿಗೂ ಬಹುಪಾಲು ಇದೇ ಅಂಕ.

ಹುಡುಗ ಪುನರ್ವಸು, ಮಿಥುನ ರಾಶಿ. ಅದರಲ್ಲಿ ತಕರಾರಿಲ್ಲ. ಮಗಳು ಮೊದಲ ಸೈಟಿನಲ್ಲಿ ಹಸ್ತಾ, ಎರಡನೆಯದರಲ್ಲಿ ಚಿತ್ತಾ! ರಾಶಿ ಎರಡರಲ್ಲೂ ಕನ್ಯಾ. ಹಸ್ತಾ ಆದರೆ ಇಬ್ಬರದೂ ದೇವಗಣ, ಆರಕ್ಕೆ ಆರು. ಆದರೆ ಇಬ್ಬರಿಗೂ ಆದ್ಯನಾಡಿ, ಎಂಟಕ್ಕೆ ಸೊನ್ನೆ. ಚಿತ್ತಾ ಆದರೆ ನಾಡಿ ಬೇರೆಯಾಗಿ ಎಂಟಕ್ಕೆ ಎಂಟು, ಆದರೆ ಮಗಳು ರಾಕ್ಷಸಗಣವಾಗಿ ಆರಕ್ಕೆ ಸೊನ್ನೆ. (ಕೆಲವು ಕೋಷ್ಟಕ ಇಲ್ಲಿ ಕನಿಕರದಿಂದ ಒಂದು ಅಂಕ ಕೊಡುತ್ತವೆ.) ಯೋನಿಯಲ್ಲಿ ಎಮ್ಮೆಯಾಗಿದ್ದವಳು ಹುಲಿಯಾಗಿ ಅಲ್ಲೊಂದು ಅಂಕ ಹೋಗುತ್ತದೆ. ಒಂದು ಶಾಖೆಯ ನಷ್ಟವನ್ನು ಇನ್ನೊಂದು ಶಾಖೆಯ ಲಾಭದಲ್ಲಿ ಮುಚ್ಚಿ ಹೆಡ್ಡಾಫೀಸಿಗೆ ಬರೀ ಮೊತ್ತ ಕಳಿಸಿದ ಹಾಗಿತ್ತು. ಸಂತಾನಕ್ಕೆ ತೊಂದರೆ ಎಂದು ಹಳಬರು ಹೆದರುವ ನಾಡಿದೋಷ ಒಂದರಲ್ಲಿ ಪೂರ್ತಿ ಇದೆ, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಮೊತ್ತದಲ್ಲಿ ವ್ಯತ್ಯಾಸ ಒಂದೇ ಒಂದು.

"ನಾನು ರಾಕ್ಷಸಿಯಾ ಅಪ್ಪ?" ಎಂದಳು ಮಗಳು ಫೋನಿನಲ್ಲಿ.

"ಎರಡನೇ ಸೈಟಿನ ಪ್ರಕಾರ ಮಾತ್ರ" ಎಂದೆ.

ಕಾರಣ ಅಯನಾಂಶ. ನಕ್ಷತ್ರಗಳ ಎದುರು ವಿಷುವ ಬಿಂದು ಸುಮಾರು 72 ವರ್ಷಕ್ಕೊಂದು ಡಿಗ್ರಿ ಹಿಂದೆ ಸರಿಯುತ್ತದೆ. ಈವರೆಗೆ ಸರಿದದ್ದೆಷ್ಟೋ ಅಷ್ಟನ್ನು ಚಂದ್ರನ ಸ್ಥಾನದಿಂದ ಕಳೆಯಬೇಕು. ಎಷ್ಟು ಕಳೆಯಬೇಕೆನ್ನುವುದರಲ್ಲೇ ಜಗಳ. ಹೆಚ್ಚಿನ ಸಾಫ್ಟ್‌ವೇರುಗಳು ಹಿಡಿಯುವುದು ಲಾಹಿರಿ ಅಯನಾಂಶವನ್ನು, ಮೇಘನಾದ ಸಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ಒಪ್ಪಿದ ದಾರಿಯದು. ನಮ್ಮ ಬೆಂಗಳೂರಿನ ಬಿ. ವಿ. ರಾಮನ್ ಅವರ ಅಯನಾಂಶ ಅದಕ್ಕಿಂತ ಹೆಚ್ಚುಕಮ್ಮಿ ಒಂದೂವರೆ ಡಿಗ್ರಿ ಸಣ್ಣದು. ಲಾಹಿರಿಯಲ್ಲಿ ಮಗಳ ಚಂದ್ರ 172 ಡಿಗ್ರಿ 30 ಕಲೆ. ಹಸ್ತಾ ಮುಗಿಯುವುದು 173 ಡಿಗ್ರಿ 20 ಕಲೆಗೆ. ರಾಮನ್ ಲೆಕ್ಕದಲ್ಲಿ ಚಂದ್ರ ಗಡಿ ದಾಟಿ ಚಿತ್ತಾದಲ್ಲಿ ಕೂತಾಗಿದೆ. ಒಂದು ನಕ್ಷತ್ರಕ್ಕೆ 13 ಡಿಗ್ರಿ 20 ಕಲೆ ಎಂದಾದರೆ ಸುಮಾರು ಒಂಬತ್ತು ಮಂದಿಯಲ್ಲಿ ಒಬ್ಬರಿಗೆ ಈ ಗತಿ. ಯಾವ ಅಯನಾಂಶ ಹಿಡಿದಿದ್ದು ಎಂದು ಸೈಟಿನ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಬರೆದಿತ್ತು. ಅದನ್ನು ಓದಲು ಹೆಂಡತಿಯ ಕನ್ನಡಕವನ್ನೂ ನನ್ನದರ ಮೇಲೆ ಏರಿಸಬೇಕಾಯಿತು.

ಇಷ್ಟು ಸಂಶೋಧನೆಯ ಬಲದಿಂದ ಹುಡುಗನ ಮಾವನಿಗೆ ಫೋನು ಮಾಡಿ, ನಾಡಿದೋಷದ ಬಗ್ಗೆ ಗಂಭೀರವಾಗಿ ಪ್ರಸ್ತಾಪಿಸಿದೆ. ಅವರು ಕೇಳಿದ್ದು ಒಂದೇ: "ಮಧ್ಯಮ ರಜ್ಜು ಉಂಡೋ?"

ಕೇರಳದವರು ನೋಡುವುದು ಹತ್ತು ಪೊರುತ್ತ. ನಮ್ಮ ನಾಡಿಯ ಮೂರು ಗುಂಪುಗಳೇ ಅಲ್ಲಿ ರಜ್ಜುವಿನ ಮೂರು ಗುಂಪುಗಳು. ಆದರೆ ಅವರು ನಿಜವಾಗಿ ಹೆದರುವುದು ಇಬ್ಬರದೂ ನಡುವಿನ ಗುಂಪಾದರೆ ಮಾತ್ರ. ಮೊದಲ ಗುಂಪಿನ ಹಸ್ತಾ ಪುನರ್ವಸು ಜೋಡಿಗೆ ಅವರಲ್ಲಿ ಅಡ್ಡಿಯಿಲ್ಲ. ಎಂಟಂಕ ಹೋಯಿತೆಂದು ನಾನು ನಿದ್ದೆಗೆಟ್ಟದ್ದು ತಿರುವನಂತಪುರದಲ್ಲಿ ದೋಷವೇ ಅಲ್ಲ!

ಅಷ್ಟಕ್ಕೆ ನಿಲ್ಲದೆ ಅವರು ನಮ್ಮನ್ನು ಅಲ್ಲಿನ ಒಬ್ಬ ಪಣಿಕ್ಕರ ಬಳಿಗೆ ಕರೆದೊಯ್ದರು. ನಾನು ಫೈಲು ಬಿಚ್ಚಿದೆ. ಪಣಿಕ್ಕರು ಅಂಕದ ಹಾಳೆಯನ್ನು ನೋಡಿ, ಮಡಚಿ, ಅಲುಗುತ್ತಿದ್ದ ಮೇಜಿನ ಕಾಲಿಗೆ ಕೊಟ್ಟರು. ಅವರಿಗೆ ಬೇಕಾದದ್ದು ಪಾಪಸಾಮ್ಯ: ಕುಜ, ಶನಿ, ರವಿ, ರಾಹು, ಕೇತುಗಳು ಲಗ್ನದಿಂದ, ಚಂದ್ರನಿಂದ, ಶುಕ್ರನಿಂದ ಎಣಿಸಿದರೆ ಕೆಟ್ಟ ಮನೆಗಳಲ್ಲಿ ಎಷ್ಟು ಬಿದ್ದಿವೆ, ಹುಡುಗಿಯ ಪಾಪ ಹುಡುಗನದಕ್ಕಿಂತ ಹೆಚ್ಚಾಗಿಲ್ಲ ತಾನೆ ಎಂದು. ಈ ವಿಚಾರ 36ರ ಅಂಕದೊಳಗೆ ಬರುವುದೇ ಇಲ್ಲ. ಅದಕ್ಕೆ ಲಗ್ನ ಬೇಕು, ಲಗ್ನಕ್ಕೆ ಗಡಿಯಾರ ಬೇಕು. ಚಂದ್ರ ಗಂಟೆಗೆ ಅರ್ಧ ಡಿಗ್ರಿ ಸರಿದರೆ, ಲಗ್ನ ನಾಲ್ಕು ನಿಮಿಷಕ್ಕೇ ಸುಮಾರು ಒಂದು ಡಿಗ್ರಿ ಓಡುತ್ತದೆ. ಎರಡು ಗಂಟೆ ತಪ್ಪಿದರೆ ರಾಶಿಯೇ ಬೇರೆ, ಪಾಪಗಳೆಲ್ಲ ಮನೆ ಬದಲಾಯಿಸುತ್ತವೆ.

"ಆರಾ ಸಮಯಂ ಕುರಿಚ್ಚದ್?" ಎಂದರು ಪಣಿಕ್ಕರು.

ಸೈಟಿಗೆ ನಾನು ತುಂಬಿದ್ದು ಮಧ್ಯಾಹ್ನ 1 ಗಂಟೆ 52 ನಿಮಿಷ. ಜಾತಕದಲ್ಲೂ ಹಾಗೇ ಇತ್ತು. ನಾನು ಎದೆಯುಬ್ಬಿಸಿ, "ನಮ್ಮ ಅಮ್ಮ, ಉಡುಪಿಯಲ್ಲಿ" ಎಂದೆ.

"ಹೆರಿಗೆ ಉಡುಪಿಯಲ್ಲೋ?"

"ಇಲ್ಲ, ಎರ್ನಾಕುಲಂ ಆಸ್ಪತ್ರೆಯಲ್ಲಿ."

ಪಣಿಕ್ಕರು ಪೆನ್ನು ಕೆಳಗಿಟ್ಟರು. ಅಮ್ಮ ಬರೆದಿಟ್ಟದ್ದು ಪಕ್ಕದ ಮನೆಗೆ ನಮ್ಮ ಫೋನು ಬಂದ ಹೊತ್ತನ್ನು. ಕಾರ್ಪೊರೇಷನ್ನಿನ ಜನನ ಪ್ರಮಾಣಪತ್ರ ಫೈಲಿನಲ್ಲೇ ಇತ್ತು, ತೆಗೆದುಕೊಟ್ಟೆ. ಅದರಲ್ಲಿ ತಾರೀಕಿದೆ, ಸ್ಥಳವಿದೆ, ಹೊತ್ತಿನ ಕಾಲಮ್ಮೇ ಇಲ್ಲ. ಪಣಿಕ್ಕರು, ಹುಡುಗನ ಮಾವ, ನಾನು ಮೂವರೂ ಈ ವಿಷಯದ ಏಕೈಕ ಪ್ರತ್ಯಕ್ಷದರ್ಶಿಯ ಕಡೆಗೆ ತಿರುಗಿದೆವು.

"ನನ್ನನ್ನೆಂತ ನೋಡ್ತೀರಿ? ಆ ಹೊತ್ತಿಗೆ ನನಗೆ ಗಡಿಯಾರ ನೋಡುವುದೊಂದೇ ಕೆಲಸ ಇತ್ತಾ?" ಎಂದಳು ಹೆಂಡತಿ. ಆಮೇಲೆ ಮಾವನ ಕಡೆ ತಿರುಗಿ, ಅಲ್ಲಿಗೆ ಬಂದಾಗಿನಿಂದ ತಡೆದಿಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟಳು: "ಹುಡುಗನಿಗೆ ಸಂಬಳ ಎಷ್ಟು?"